ರಾತ್ರಿ 2 ಗಂಟೆಗೆ ಕಾಲಿಂಗ್ ಬೆಲ್ ತಾನೇ ಬಾರಿಸುತ್ತೆ, ಆಮೇಲೆ ಗುಂಯ್ ಅಂತಾನೇ ಇರುತ್ತೆ. ಹಾಳಾಗಿರೋದು ಸ್ವಿಚ್ಚಾ, ಟ್ರಾನ್ಸ್‌ಫಾರ್ಮರಾ?

ಬಸವನಹಳ್ಳಿ ಟೀಚರ್ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ಮಾವನವರು 1984ರಲ್ಲಿ ಕಟ್ಟಿಸಿದ ಮನೆ. ಹಾಲ್‌ನಲ್ಲಿ ಡಿಂಗ್ ಡಾಂಗ್ ಅನ್ನುವ ಹಳೇ ಬೆಲ್ ಇದೆ. ಜಗಲಿಯಲ್ಲಿ ಮೀಟರ್ ಬೋರ್ಡ್ ಪಕ್ಕ ಎರಡು ಮೂರು ಬೆಂಕಿಪೊಟ್ಟಣ ಸೇರಿಸಿದಷ್ಟು ದೊಡ್ಡದಾದ ಒಂದು ಕಪ್ಪು ಡಬ್ಬಿ ಇದೆ. ಅದು ಬೆಲ್‌ನ ಟ್ರಾನ್ಸ್‌ಫಾರ್ಮರ್ ಅಂತ ಮಾವ ಹೇಳುತ್ತಾರೆ. ಇಷ್ಟು ವರ್ಷ ಏನೂ ತೊಂದರೆ ಕೊಟ್ಟಿರಲಿಲ್ಲ.

ಮೂರು ದಿನದಿಂದ ರಾತ್ರಿ ಹೊತ್ತು ಯಾರೂ ಒತ್ತದೇ "ಡಿಂಗ್" ಅನ್ನುತ್ತೆ. ಒಂದೇ ಸಲ. "ಡಾಂಗ್" ಬರುವುದಿಲ್ಲ. ಆಮೇಲೆ ಬೆಲ್ ಒಳಗಿಂದ ಗುಂಯ್ ಅಂತ ಜೇನುಹುಳದ ಥರ ಶಬ್ದ ಬರುತ್ತಲೇ ಇರುತ್ತೆ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಯಾವಾಗಲೋ "ಡಾಂಗ್" ಅನ್ನುತ್ತೆ, ಶಬ್ದ ನಿಲ್ಲುತ್ತೆ. ಅತ್ತೆಗೆ ಎಪ್ಪತ್ತೆಂಟು ವರ್ಷ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಯಾರು ಬಂದರು ಅಂತ ನಡುಗುತ್ತಾರೆ. ಮಳೆ ಬೇರೆ ಬಿಟ್ಟಿಲ್ಲ.

ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿ, ಎಲ್ಲಾ ಕಿತ್ತು ಬಿಸಾಕಿ ರಿಮೋಟ್ ಬೆಲ್ ಹಾಕಿಸಿ ಅಂದರು. ಏನು ಹಾಳಾಗಿದೆ ಅಂತ ಕೇಳಿದರೆ "ಎಲ್ಲಾ ಹಳೇದು" ಅಂದರು. ಮಾವನಿಗೆ ಆ ಬೆಲ್ ಮೇಲೆ ಪ್ರೀತಿ. ಹಾಳಾಗಿರುವುದನ್ನು ಮಾತ್ರ ಬದಲಾಯಿಸೋಣ ಅಂತ ಆಸೆ. ಯಾವುದು ಹಾಳಾಗಿದೆ ಅಂತ ಕಂಡುಹಿಡಿಯುವುದು ಹೇಗೆ?

ಹಾಸನ ಹುಡುಗ

ರಿಮೋಟ್ ಬೆಲ್ ಹಾಕಿ ಮೇಡಂ. ಅರ್ಧ ಗಂಟೆ ಕೆಲಸ.

ತೋಟದ ಮನೆ (ಸಕಲೇಶಪುರ)

ಇದು ವೋಲ್ಟೇಜ್ ತೊಂದರೆ. ರಾತ್ರಿ ಊರೆಲ್ಲಾ ಮಲಗಿದ ಮೇಲೆ ಲೋಡ್ ಕಡಿಮೆ ಆಗುತ್ತೆ, ವೋಲ್ಟೇಜ್ ಏರುತ್ತೆ. ನಮ್ಮ ತೋಟದ ಮನೆಯಲ್ಲಿ ರಾತ್ರಿ 255 ತೋರಿಸಿದ್ದನ್ನು ನಾನೇ ನೋಡಿದ್ದೇನೆ. ವೋಲ್ಟೇಜ್ ಏರಿದಾಗ ಬೆಲ್ ತಾನೇ ಬಡಿಯುತ್ತೆ. ಬೆಳಿಗ್ಗೆ ಎಲ್ಲರೂ ಗೀಸರ್ ಹಾಕಿದಾಗ ಇಳಿಯುತ್ತೆ, ಬೆಲ್ ನಿಲ್ಲುತ್ತೆ. ನೀವು ಹೇಳಿದ ಹೊತ್ತಿಗೆ ಸರಿಯಾಗಿ ಹೊಂದುತ್ತೆ ನೋಡಿ. ಸ್ಟೆಬಿಲೈಸರ್ ಹಾಕಿಸಿ.

ಹಳೇ ವೈರ್‌ಮನ್ (ಹಾಸನ)

ತೋಟದ ಮನೆಯವರೇ, ರಾತ್ರಿ ವೋಲ್ಟೇಜ್ ಏರುವುದು ನಿಜ. ಆದರೆ ಬಾಗಿಲು ಮುಚ್ಚಿದ್ದರೆ ಹೊರಗೆ ಎಷ್ಟೇ ಜನ ನಿಂತರೂ ಒಳಗೆ ಬರಲು ಆಗುವುದಿಲ್ಲ ಅಲ್ವಾ? ಬೆಲ್‌ಗೆ ಕರೆಂಟ್ ಹೋಗಬೇಕಾದರೆ ಸ್ವಿಚ್ ಹತ್ತಿರ ಎರಡು ವೈರ್ ಕೂಡಬೇಕು. 230 ಇರಲಿ, 255 ಇರಲಿ, ಸ್ವಿಚ್ ಬಿಟ್ಟಿದ್ದರೆ ಬೆಲ್ ಬಡಿಯುವುದಿಲ್ಲ. ಬಡಿಯುತ್ತಿದ್ದರೆ ಶಬ್ದ ಸ್ವಲ್ಪ ಜೋರಾಗಬಹುದು ಅಷ್ಟೇ.

ಮೇಡಂ, ನೀವು ಬರೆದ ಒಂದು ಮಾತು ನನಗೆ ಬಹಳ ಮುಖ್ಯ ಅನ್ನಿಸಿತು. ರಾತ್ರಿ ಡಿಂಗ್, ಬೆಳಿಗ್ಗೆ ಡಾಂಗ್. ಇದರಲ್ಲೇ ಅರ್ಧ ಉತ್ತರ ಇದೆ. ಆ ಬೆಲ್ ಒಳಗೆ ತಂತಿ ಸುತ್ತಿದ ಒಂದು ಕಾಯಿಲ್, ಅದರ ನಡುವೆ ಓಡಾಡುವ ಒಂದು ಕಬ್ಬಿಣದ ಕಡ್ಡಿ, ಎರಡು ಪಕ್ಕಕ್ಕೆ ಎರಡು ಲೋಹದ ಪಟ್ಟಿ ಇರುತ್ತೆ. ಸ್ವಿಚ್ ಒತ್ತಿದಾಗ ಕಾಯಿಲ್ ಕಡ್ಡಿಯನ್ನು ಎಳೆಯುತ್ತೆ, ಅದು ಒಂದು ಪಟ್ಟಿಗೆ ಹೊಡೆಯುತ್ತೆ. ಅದು ಡಿಂಗ್. ಬೆರಳು ತೆಗೆದಾಗ ಸ್ಪ್ರಿಂಗ್ ಕಡ್ಡಿಯನ್ನು ವಾಪಸ್ ತಳ್ಳುತ್ತೆ, ಇನ್ನೊಂದು ಪಟ್ಟಿಗೆ ಹೊಡೆಯುತ್ತೆ. ಅದು ಡಾಂಗ್.

ಅಂದರೆ ನಿಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಯಿಂದ ಬೆಳಿಗ್ಗೆವರೆಗೂ ಯಾರೋ ಬೆರಳು ಒತ್ತಿ ಹಿಡಿದ ಹಾಗೇ ಇದೆ. ಗುಂಯ್ ಅನ್ನುವುದು ಎಳೆದು ಹಿಡಿದ ಕಡ್ಡಿ ನಡುಗುವ ಶಬ್ದ. ಟ್ರಾನ್ಸ್‌ಫಾರ್ಮರ್ ಹಾಳಾದರೆ ಹೀಗೆ ಆಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ತಾನಾಗಿ ಬೆಲ್ ಒತ್ತಲಾರದು. ಸ್ವಿಚ್ ಸಿಕ್ಕಿಕೊಂಡಿದೆ, ಇಲ್ಲಾ ಸ್ವಿಚ್‌ಗೆ ಹೋಗುವ ಎರಡು ವೈರ್ ಎಲ್ಲೋ ಒಂದಕ್ಕೊಂದು ತಾಗುತ್ತಿವೆ.

ಈಗ ಮೊದಲು ಮಾಡಬೇಕಾದ ಕೆಲಸ: ರಾತ್ರಿ ಅದು ಶುರುವಾದರೆ ಹಾಗೇ ಬಿಟ್ಟು ಮಲಗಬೇಡಿ. ಬೆಲ್‌ಗೆ ಹೋಗುವ ಫ್ಯೂಸ್ ತೆಗೆಯಿರಿ ಅಥವಾ ಆ ಎಂಸಿಬಿ ಇಳಿಸಿ. ಬೆಲ್ ಕಾಯಿಲ್ ಒಂದೆರಡು ಸೆಕೆಂಡ್ ಒತ್ತುವುದಕ್ಕೆ ಮಾಡಿರುವುದು. ಗಂಟೆಗಟ್ಟಲೆ ಕರೆಂಟ್ ಹರಿದರೆ ಕಾಯಿಲ್ ಬಿಸಿಯಾಗುತ್ತೆ, ಹಿಂದೆ ಟ್ರಾನ್ಸ್‌ಫಾರ್ಮರ್ ಕೂಡ ಬಿಸಿಯಾಗುತ್ತೆ.

ಎರಡು ಪ್ರಶ್ನೆ. ಸ್ವಿಚ್‌ಗೆ ಬರುವ ವೈರ್ ದಪ್ಪವೋ, ಹಳೇ ಟೆಲಿಫೋನ್ ವೈರ್ ಥರ ಸಣ್ಣದೋ? ಮತ್ತೆ ಮೂರು ದಿನದ ಹಿಂದೆ ಮನೆಯಲ್ಲಿ ಏನಾದರೂ ಕೆಲಸ ನಡೆದಿತ್ತಾ?

ಕಡೂರು ಕಾಯಿ

ನಮ್ಮ ಮನೆಯಲ್ಲೂ ಇದೇ ಆಗಿತ್ತು! ರಾತ್ರಿ ಬೆಲ್, ಹೊರಗೆ ಹೋದರೆ ಯಾರೂ ಇಲ್ಲ. ಒಂದು ತಿಂಗಳಾದ ಮೇಲೆ ಗೊತ್ತಾಯಿತು. ಹಿಂದಿನ ರಸ್ತೆಯವರೂ ಅದೇ ಕಂಪನಿಯ ರಿಮೋಟ್ ಬೆಲ್ ತಂದಿದ್ದರು. ಅವರ ಮನೆಗೆ ನೈಟ್ ಶಿಫ್ಟ್ ಮುಗಿಸಿ ಮಗ ಬಂದರೆ ನಮ್ಮ ಮನೆ ಬೆಲ್ ಬಾರಿಸುತ್ತಿತ್ತು. ಬಟನ್ ಒಳಗೆ ಕೋಡ್ ಬದಲಾಯಿಸಿದ ಮೇಲೆ ನಿಂತಿತು. ನೀವೂ ಅಕ್ಕಪಕ್ಕ ವಿಚಾರಿಸಿ.

ಹಾಸನ ಹುಡುಗ

ಅವರದು ವೈರ್ ಇರುವ ಬೆಲ್ ಅಣ್ಣ. ಪಕ್ಕದ ಮನೆ ರಿಮೋಟ್‌ಗೆ ಅದು ಬಡಿಯುವುದಿಲ್ಲ.

ಕಡೂರು ಕಾಯಿ

ಓ, ಹೌದಾ. ಸರಿ. ಆದರೆ ರಿಮೋಟ್ ಬೆಲ್ ಇರುವವರು ಇದನ್ನು ನೆನಪಿಟ್ಟುಕೊಳ್ಳಿ.

ಬಸವನಹಳ್ಳಿ ಟೀಚರ್

ವೈರ್‌ಮನ್ ಸರ್, ಎರಡನೇ ಪ್ರಶ್ನೆ ಓದಿ ಎದ್ದು ಹೋಗಿ ನೋಡಿದೆ. ನಾದಿನಿ ಮಗಳ ನಿಶ್ಚಿತಾರ್ಥ ಇತ್ತು ಅಂತ ಹೋದ ವಾರ ಬಾಗಿಲು, ಚೌಕಟ್ಟಿಗೆಲ್ಲಾ ಪೇಂಟ್ ಮಾಡಿಸಿದೆವು. ಸ್ವಿಚ್ ಚೌಕಟ್ಟಿನ ಮರದ ಮೇಲೇ ಇದೆ. ಪೇಂಟರ್ ಅದನ್ನು ಬಿಚ್ಚದೇ ಸುತ್ತ ಬಳಿದಿದ್ದಾರೆ. ಬಿಳಿ ಗುಂಡಿಯ ಅಂಚಿನಲ್ಲಿ ಕಂದು ಪೇಂಟ್ ಕಾಣುತ್ತಿದೆ. ಒತ್ತಿದರೆ ಒಳಗೆ ಹೋಗುತ್ತೆ, ವಾಪಸ್ ಬರುವಾಗ ನಿಧಾನ. ವೈರ್ ಸಣ್ಣದು, ಎರಡೆಳೆ ತಿರುಚಿದ್ದು.

ಹಳೇ ವೈರ್‌ಮನ್ (ಹಾಸನ)

ಹಾಗಾದರೆ ಕಳ್ಳ ಮುಕ್ಕಾಲು ಸಿಕ್ಕಿಬಿದ್ದ. ಆದರೂ ಪರೀಕ್ಷೆ ಮಾಡದೇ ಹೇಳಬಾರದು.

ನಿಮ್ಮ ಹತ್ತಿರ ಮೀಟರ್ ಇದ್ದರೆ, ಅಥವಾ ಗೊತ್ತಿರುವವರು ತಂದರೆ, ಎಸಿ ವೋಲ್ಟ್‌ಗೆ ಇಟ್ಟು, ಮೊದಲು 750ರ ದೊಡ್ಡ ರೇಂಜ್‌ನಲ್ಲೇ ಶುರುಮಾಡಿ, ಸ್ವಿಚ್‌ನ ಎರಡು ತಿರುಪಿಗೆ ಮೀಟರ್‌ನ ಎರಡು ಕಡ್ಡಿ ತಾಗಿಸಿ. ಯಾರೂ ಒತ್ತಿರಬಾರದು. ಎಂಟು ಹತ್ತು ವೋಲ್ಟ್ ತೋರಿಸಿದರೆ ಅದು ಟ್ರಾನ್ಸ್‌ಫಾರ್ಮರ್ ದಾಟಿ ಬಂದ ಸಣ್ಣ ಕರೆಂಟ್, ಸ್ವಿಚ್ ಸದ್ಯಕ್ಕೆ ಬಿಟ್ಟಿದೆ. 230 ತೋರಿಸಿದರೆ ಅಲ್ಲಿಗೇ ನಿಲ್ಲಿಸಿ, ಅದು ಟ್ರಾನ್ಸ್‌ಫಾರ್ಮರ್ ಇಲ್ಲದ ನೇರ 230ರ ಬೆಲ್. ಗುಂಯ್ ಅನ್ನುತ್ತಿರುವಾಗ ಅಳೆದು ಸೊನ್ನೆ ಬಂದರೆ ಆ ಎರಡು ತಿರುಪು ಆಗಲೇ ಕೂಡಿವೆ ಅಂತ ಅರ್ಥ.

ಆಮೇಲೆ ಮೈನ್ ಆಫ್ ಮಾಡಿ, ಸ್ವಿಚ್ ಬಿಚ್ಚಿ, ಒಂದು ವೈರ್ ಮಾತ್ರ ಕಳಚಿ, ತುದಿಗೆ ಟೇಪ್ ಸುತ್ತಿ, ಮೈನ್ ಹಾಕಿ. ಆ ರಾತ್ರಿ ಬೆಲ್ ಸುಮ್ಮನಿದ್ದರೆ ತಪ್ಪು ಸ್ವಿಚ್‌ದು. ವೈರ್ ಕಳಚಿದ ಮೇಲೂ ಬಡಿದರೆ ಗೋಡೆ ಒಳಗೆ ವೈರ್ ಕೂಡಿದೆ.

ಅರಸೀಕೆರೆ ಅಕ್ಕ

ಒಂದು ನಿಮಿಷ. ವೈರ್ ಸಣ್ಣದು ಅಂದ ಮಾತ್ರಕ್ಕೆ ಯಾರೂ ಕೈ ಹಾಕಬೇಡಿ. ನಮ್ಮ ಅಣ್ಣ ಅದೇ ತಪ್ಪು ಮಾಡಿದ್ದ. ಹಳೇ ಮನೆ, ಸಣ್ಣ ವೈರ್, ಟ್ರಾನ್ಸ್‌ಫಾರ್ಮರ್ ಇದೆ ಅಂದುಕೊಂಡ. ಟ್ರಾನ್ಸ್‌ಫಾರ್ಮರ್ ಎಂದೋ ಸುಟ್ಟುಹೋಗಿ, ಯಾರೋ ಅದನ್ನು ತೆಗೆದು 230ರ ಬೆಲ್ ಹಾಕಿ, ಅದೇ ಹಳೇ ಸಣ್ಣ ವೈರ್‌ನಲ್ಲೇ ನೇರ ಕರೆಂಟ್ ಕೊಟ್ಟಿದ್ದರು. ಒದ್ದೆ ಕಾಲಿನಲ್ಲಿ ನಿಂತಿದ್ದ. ಕೈ ಕಿತ್ತುಕೊಂಡು ಬಿದ್ದು ಮೊಣಕೈ ಮುರಿದುಕೊಂಡ. ಈಗಿನ ಮನೆಗಳಲ್ಲಿ ಹೆಚ್ಚು ಬೆಲ್‌ಗಳು ನೇರ 230ರವೇ. ಆ ಗುಂಡಿಯ ಹಿಂದೆ ಮನೆಯ ಪ್ಲಗ್‌ನಲ್ಲಿ ಇರುವಷ್ಟೇ ಕರೆಂಟ್ ಇರುತ್ತೆ.

ಹಳೇ ವೈರ್‌ಮನ್ (ಹಾಸನ)

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇಂಥ ವೈರಿಂಗ್ ನಾನೂ ಬಹಳ ಕಡೆ ನೋಡಿದ್ದೇನೆ. ಅದಕ್ಕೇ ದೊಡ್ಡ ರೇಂಜ್‌ನಲ್ಲಿ ಅಳೆಯಿರಿ ಅಂದೆ. ಟೆಸ್ಟರ್ ಉರಿಯಲಿಲ್ಲ ಅಂತಲೂ ಧೈರ್ಯ ಮಾಡಬೇಡಿ. ಟೆಸ್ಟರ್ ಕೆಟ್ಟಿರಬಹುದು. ಮೈನ್ ಆಫ್ ಮಾಡಿದ ಮೇಲೇ ಸ್ಕ್ರೂ ಮುಟ್ಟಿ.

ಹೋಂಸ್ಟೇ ಮನೆ (ಮೂಡಿಗೆರೆ)

ನನಗೆ ಒಂದು ಒಪ್ಪಿಗೆ ಇಲ್ಲ. ಸ್ವಿಚ್ ಕೂಡಲೇಬೇಕು ಅಂದಿರಿ. ನಮ್ಮ ಹೋಂಸ್ಟೇಯಲ್ಲಿ ಸ್ವಿಚ್ ಚೆನ್ನಾಗಿತ್ತು, ಗುಂಡಿ ಸಿಕ್ಕಿಕೊಂಡಿರಲಿಲ್ಲ. ಆದರೂ ಜೋರು ಮಳೆ ಬಂದರೆ ಹಕ್ಕಿ ಕೂಗುವ ಬೆಲ್ ಅರ್ಧ ಅರ್ಧ ಕೂಗುತ್ತಿತ್ತು. ಗೆಸ್ಟ್‌ಗಳು ಎದ್ದು ಬರುತ್ತಿದ್ದರು. ಬಿಚ್ಚಿ ನೋಡಿದರೆ ಒಳಗೆಲ್ಲಾ ಇರುವೆ ಗೂಡು, ಮಣ್ಣು, ಒದ್ದೆ. ಒರೆಸಿ ಒಣಗಿಸಿದ ಮೇಲೆ ನಿಂತಿತು. ಅಂದರೆ ತೇವ ಸಾಕು, ಲೋಹಕ್ಕೆ ಲೋಹ ತಾಗಲೇಬೇಕು ಅಂತಿಲ್ಲ.

ಹಳೇ ವೈರ್‌ಮನ್ (ಹಾಸನ)

ನಿಮ್ಮ ಬೆಲ್ 230ರದು, ಒಳಗೆ ಎಲೆಕ್ಟ್ರಾನಿಕ್ ಪ್ಲೇಟ್ ಇರುವುದು, ಅಲ್ವಾ? ಸ್ವಿಚ್ ಮೇಲೆ ಸಣ್ಣ ಕೆಂಪು ದೀಪ ಇದೆಯಾ?

ಹೋಂಸ್ಟೇ ಮನೆ (ಮೂಡಿಗೆರೆ)

ಎರಡೂ ಹೌದು.

ಹಳೇ ವೈರ್‌ಮನ್ (ಹಾಸನ)

ಅಲ್ಲೇ ವ್ಯತ್ಯಾಸ. ಎಲೆಕ್ಟ್ರಾನಿಕ್ ಬೆಲ್‌ಗೆ ಚೂರೇ ಚೂರು ಕರೆಂಟ್ ಸಾಕು. 230 ವೋಲ್ಟ್ ಹಿಂದಿನಿಂದ ತಳ್ಳುತ್ತಿದ್ದರೆ ಒದ್ದೆ ಮಣ್ಣಿನಲ್ಲೂ ಅಷ್ಟು ಹರಿಯುತ್ತೆ. ಕೆಂಪು ದೀಪದ ಮೂಲಕವೂ ಸ್ವಲ್ಪ ಯಾವಾಗಲೂ ಹರಿಯುತ್ತಲೇ ಇರುತ್ತೆ. ಎರಡೂ ಸೇರಿದಾಗ ಅರ್ಧ ಕೂಗು.

ಟೀಚರ್ ಮೇಡಂ ಅವರದು ಕಬ್ಬಿಣದ ಕಡ್ಡಿ ಎಳೆಯಬೇಕಾದ ಕಾಯಿಲ್. ಅದಕ್ಕೆ ಹತ್ತಿರ ಹತ್ತಿರ ಒಂದು ಆಂಪ್ ಬೇಕು. ಎಂಟು ವೋಲ್ಟ್‌ಗೆ ಒದ್ದೆಯ ಮೂಲಕ ಅಷ್ಟು ಕರೆಂಟ್ ತಳ್ಳುವ ಶಕ್ತಿ ಇಲ್ಲ. ಅಲ್ಲಿ ಲೋಹಕ್ಕೆ ಲೋಹ ತಾಗಲೇಬೇಕು. ಹಾಗಾಗಿ ನಿಮ್ಮ ಬೆಲ್ ವಿಷಯದಲ್ಲಿ ನೀವು ಸರಿ, ಅವರ ಬೆಲ್ ವಿಷಯದಲ್ಲಿ ನಾನು ಸರಿ.

ಬಸವನಹಳ್ಳಿ ಟೀಚರ್

ನಮ್ಮ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ಮೀಟರ್ ತಂದರು. ಸಂಜೆ ಅಳೆದಾಗ ಸ್ವಿಚ್ ಹತ್ತಿರ 10.4 ವೋಲ್ಟ್ ಬಂತು. 230 ಅಲ್ಲ ಅಂತ ಗಟ್ಟಿಯಾಯಿತು. ರಾತ್ರಿ ಹನ್ನೊಂದೂವರೆಗೆ ಡಿಂಗ್ ಅಂತು, ಗುಂಯ್ ಶುರುವಾಯಿತು. ಆಗ ಅವರು ಫೋನ್‌ನಲ್ಲಿ ಹೇಳಿದ ಹಾಗೆ ನನ್ನ ಯಜಮಾನರು ಅಳೆದರು. 0.1. ಹೆಚ್ಚುಕಡಿಮೆ ಸೊನ್ನೆ. ಮೈನ್ ಇಳಿಸಿದ ಕೂಡಲೇ ಡಾಂಗ್ ಅಂತ ಬಡಿಯಿತು. ಟಾರ್ಚ್ ಹಿಡಿದು ಒಂದು ವೈರ್ ಕಳಚಿ ಟೇಪ್ ಹಾಕಿ ಮೈನ್ ಹಾಕಿದೆವು. ಬೆಳಗಿನವರೆಗೂ ಒಂದು ಶಬ್ದ ಇಲ್ಲ. ಅತ್ತೆ ನಾಲ್ಕು ದಿನದ ಮೇಲೆ ನಿದ್ದೆ ಮಾಡಿದರು.

ಬೆಳಿಗ್ಗೆ ಸ್ವಿಚ್ ಪೂರ್ತಿ ಬಿಚ್ಚಿದೆವು. ಒಳಗೆ ಎರಡು ಹಿತ್ತಾಳೆ ಪಟ್ಟಿ. ಮೇಲಿನದು ಬಾಗಿ ಕೆಳಗಿನದರ ಹತ್ತಿರಕ್ಕೆ ಬಂದುಬಿಟ್ಟಿದೆ, ನಡುವೆ ಪೋಸ್ಟ್‌ಕಾರ್ಡ್ ಕೂಡ ತೂರುವುದಿಲ್ಲ. ಎರಡಕ್ಕೂ ಹಸಿರು ಕಿಲುಬು. ಗುಂಡಿಯ ಸುತ್ತ ಪೇಂಟ್ ಇಳಿದು ಅಂಟಂಟಾಗಿದೆ, ಪೂರ್ತಿ ಮೇಲೆ ಬರಲು ಬಿಡುತ್ತಿಲ್ಲ. ಹೊಸ ಸ್ವಿಚ್ ತಂದು ಹಾಕಿದೆವು.

ಆದರೆ ಈಗ ಬೇರೆ ತೊಂದರೆ. ಒತ್ತದೇ ಬಾರಿಸುವುದು ನಿಂತಿದೆ. ಒತ್ತಿದರೆ ಸರಿಯಾಗಿ ಬಾರಿಸುತ್ತಿಲ್ಲ! ಒತ್ತಿದಷ್ಟು ಹೊತ್ತು ಗುಂಯ್ ಅನ್ನುತ್ತೆ, ಡಿಂಗ್ ಬಹಳ ಮೆಲ್ಲಗೆ ಕೇಳುತ್ತೆ, ಕೆಲವು ಸಲ ಇಲ್ಲವೇ ಇಲ್ಲ.

ಹಾಸನ ಹುಡುಗ

ಹೊಸ ಸ್ವಿಚ್ ಸರಿ ಇಲ್ಲ. ಈಗ ಬರುವ ಮಾಲೆಲ್ಲಾ ಹಾಗೇ.

ತೋಟದ ಮನೆ (ಸಕಲೇಶಪುರ)

ನಾನು ಮೊದಲೇ ಹೇಳಿದ್ದೆ, ವೋಲ್ಟೇಜ್.

ಹಳೇ ವೈರ್‌ಮನ್ (ಹಾಸನ)

ಈ ಸಲ ತೋಟದ ಮನೆಯವರು ಅರ್ಧ ಸರಿ. ವೋಲ್ಟೇಜೇ. ಆದರೆ ರಸ್ತೆ ಕಂಬದ್ದಲ್ಲ, ಆ ಕಪ್ಪು ಡಬ್ಬಿಯದು.

ಮೇಡಂ, ನಾನು ಹೆದರಿದ್ದು ಇದಕ್ಕೇ. ಮೂರು ನಾಲ್ಕು ರಾತ್ರಿ, ಒಂದೊಂದು ರಾತ್ರಿಗೆ ಐದಾರು ಗಂಟೆ, ಆ ಟ್ರಾನ್ಸ್‌ಫಾರ್ಮರ್ ಪೂರ್ತಿ ಕರೆಂಟ್ ಕೊಡುತ್ತಾ ಕೂತಿತ್ತು. ಒಳಗೆ ತಂತಿ ಮೇಲೆ ವಾರ್ನಿಶ್ ಲೇಪ ಇರುತ್ತೆ. ಬಿಸಿಗೆ ಅದು ಸುಟ್ಟರೆ ಪಕ್ಕದ ಸುತ್ತಿಗೆ ಸುತ್ತು ತಾಗುತ್ತೆ. ಆಮೇಲೆ ಡಬ್ಬಿ ಕೊಡಬೇಕಾದ ವೋಲ್ಟ್ ಕೊಡುವುದಿಲ್ಲ, ತಾನೇ ತಿಂದು ಬಿಸಿಯಾಗುತ್ತೆ. ವೋಲ್ಟ್ ಸಾಲದಿದ್ದರೆ ಕಾಯಿಲ್ ಕಡ್ಡಿಯನ್ನು ಅರ್ಧಕ್ಕೆ ಎಳೆದು ಅಲ್ಲೇ ನಡುಗಿಸುತ್ತೆ. ಅದೇ ಈಗಿನ ಗುಂಯ್.

ಕಿವಿಗೆ ಎರಡೂ ಒಂದೇ ಥರ ಕೇಳುತ್ತೆ. ಯಾವಾಗ ಕೇಳುತ್ತೆ ಅನ್ನುವುದನ್ನು ನೋಡಿ. ಯಾರೂ ಒತ್ತದಿದ್ದಾಗ ಗುಂಯ್ ಅಂದರೆ ಸ್ವಿಚ್ ಅಥವಾ ವೈರ್. ಒತ್ತಿದಾಗ ಮಾತ್ರ ಗುಂಯ್ ಅಂದು ಬಡಿಯದಿದ್ದರೆ ಟ್ರಾನ್ಸ್‌ಫಾರ್ಮರ್, ಇಲ್ಲಾ ಬೆಲ್ಲಿನ ಕಡ್ಡಿ ಸಿಕ್ಕಿಕೊಂಡಿರುವುದು.

ಫಿಸಿಕ್ಸ್ ಮೇಷ್ಟ್ರು (ಚಿಕ್ಕಮಗಳೂರು)

ನಾನೇ ಅಳೆದವನು, ಟೀಚರ್ ಕರೆದರು ಅಂತ ಬಂದೆ. ಡಬ್ಬಿ ಮೇಲೆ 8 ವೋಲ್ಟ್, 1 ಆಂಪ್ ಅಂತ ಇದೆ. ನಮಗೆ 10.4 ಬಂತು. ಅಂದರೆ ಕಡಿಮೆ ಅಲ್ಲ, ಜಾಸ್ತಿಯೇ ಇದೆ. ಹಾಗಿರುವಾಗ ಟ್ರಾನ್ಸ್‌ಫಾರ್ಮರ್ ಹಾಳಾಗಿದೆ ಅನ್ನುವುದು ಹೇಗೆ?

ಹಳೇ ವೈರ್‌ಮನ್ (ಹಾಸನ)

ಸರ್, 10.4 ಬಂದದ್ದು ಯಾರೂ ಒತ್ತದಿದ್ದಾಗ, ಅದೂ ಕೊನೆಯ ರಾತ್ರಿಗೆ ಮುಂಚೆ. ಈ ಸಣ್ಣ ಡಬ್ಬಿಗಳು ಕೆಲಸ ಇಲ್ಲದಾಗ ಬರೆದದ್ದಕ್ಕಿಂತ ಜಾಸ್ತಿಯೇ ತೋರಿಸುತ್ತವೆ, ಅದು ತಪ್ಪಲ್ಲ. ಹೊರೆ ಬಿದ್ದಾಗ ಎಷ್ಟಕ್ಕೆ ಇಳಿಯುತ್ತೆ ಅನ್ನುವುದು ಮುಖ್ಯ. ಒಬ್ಬರು ಬೆಲ್ ಒತ್ತಿ ಹಿಡಿಯಲಿ. ನೀವು ಟ್ರಾನ್ಸ್‌ಫಾರ್ಮರ್‌ನ ಬೆಲ್ ಕಡೆ ತಿರುಪಿನಲ್ಲೇ ಅಳೆಯಿರಿ, ಆಮೇಲೆ ಬೆಲ್ಲಿನ ತಿರುಪಿನಲ್ಲಿ. ಐದು ಸೆಕೆಂಡ್‌ಗಿಂತ ಹೆಚ್ಚು ಒತ್ತಬೇಡಿ. ಡಬ್ಬಿಯ ಇನ್ನೊಂದು ಪಕ್ಕದ ಎರಡು ತಿರುಪಿಗೆ 230 ಬರುತ್ತೆ, ಅತ್ತ ಕೈ, ಕಡ್ಡಿ ಯಾವುದೂ ಹೋಗಬಾರದು.

ಫಿಸಿಕ್ಸ್ ಮೇಷ್ಟ್ರು (ಚಿಕ್ಕಮಗಳೂರು)

ಅಳೆದೆ. ಒತ್ತದಿದ್ದಾಗ ಈಗ 7.1. ಒತ್ತಿದಾಗ ಟ್ರಾನ್ಸ್‌ಫಾರ್ಮರ್ ಹತ್ತಿರ 3.3, ಬೆಲ್ ಹತ್ತಿರ 3.0. ಮೊನ್ನೆಯ 10.4 ಇಂದು 7.1 ಆಗಿದೆ. ನಿಮ್ಮ ಮಾತು ಒಪ್ಪುತ್ತೇನೆ, ವೈರ್‌ನಲ್ಲಿ ಕಳೆದುಹೋಗುತ್ತಿರುವುದು ಬರೀ 0.3. ಜೋಡಣೆ ಸಡಿಲ ಇದ್ದಿದ್ದರೆ ಡಬ್ಬಿ ಹತ್ತಿರ 8 ಇದ್ದು ಬೆಲ್ ಹತ್ತಿರ ಮಾತ್ರ ಕಡಿಮೆ ಬರಬೇಕಿತ್ತು.

ಆದರೆ ಒಂದು ಅನುಮಾನ ಉಳಿಯಿತು. ಬೆಲ್ಲಿನ ಕಾಯಿಲ್ ಕೂಡ ಅದೇ ರಾತ್ರಿಗಳಲ್ಲಿ ಬಿಸಿಯಾಗಿದೆ. ಅದರ ಸುತ್ತುಗಳು ಕೂಡಿಕೊಂಡು ಅತಿಯಾಗಿ ಕರೆಂಟ್ ಎಳೆಯುತ್ತಿದ್ದರೆ, ಒಳ್ಳೇ ಟ್ರಾನ್ಸ್‌ಫಾರ್ಮರ್ ಕೂಡ 3.3ಕ್ಕೆ ಇಳಿಯಬಹುದಲ್ಲ?

ಹಳೇ ವೈರ್‌ಮನ್ (ಹಾಸನ)

ಒಳ್ಳೇ ಪ್ರಶ್ನೆ ಸರ್. ಬೆಲ್ ಬದಲು ಗೊತ್ತಿರುವ ಒಂದು ಹೊರೆ ಹಾಕಿ ನೋಡಿ. ಸ್ಕೂಟರ್ ಇಂಡಿಕೇಟರ್‌ನ ಹಳೇ ಬಲ್ಬ್, 12 ವೋಲ್ಟ್ 10 ವಾಟ್‌ನದು. ಎಲ್‌ಇಡಿ ಬೇಡ. ಬೆಲ್ಲಿನ ವೈರ್ ಎರಡನ್ನೂ ಡಬ್ಬಿಯಿಂದ ತೆಗೆದು ಅಲ್ಲಿಗೆ ಬಲ್ಬ್ ಹಾಕಿ. ಒಳ್ಳೇ ಡಬ್ಬಿಯಾದರೆ 8ರ ಆಸುಪಾಸು ನಿಲ್ಲಬೇಕು.

ಇನ್ನೊಂದು. ಎರಡೂ ವೈರ್ ತೆಗೆದಿಟ್ಟು ಒಂದು ಗಂಟೆ ಬಿಡಿ. ಆಮೇಲೆ ಮೈನ್ ಆಫ್ ಮಾಡಿ ಡಬ್ಬಿ ಮುಟ್ಟಿ. ಸ್ವಲ್ಪ ಬೆಚ್ಚಗೆ ಇರುವುದು ಮಾಮೂಲು, ಅದಕ್ಕೆ ದಿನವಿಡೀ ಕರೆಂಟ್ ಇರುತ್ತೆ. ಏನೂ ಕೆಲಸ ಇಲ್ಲದೇ ಕೈ ಇಡಲು ಆಗದಷ್ಟು ಸುಟ್ಟರೆ ಒಳಗೆ ಸುತ್ತು ಕೂಡಿದೆ.

ಸಾಲಗಾಮೆ ರಸ್ತೆ (ಹಾಸನ)

ಇದನ್ನು ಓದುವಾಗ ನಮ್ಮ ಮನೆಯ ಕಥೆ ನೆನಪಾಯಿತು. ಹಾಸನಾಂಬ ಬಾಗಿಲು ತೆರೆದ ದಿನಗಳಲ್ಲಿ ನಮ್ಮ ಮನೆ ಛತ್ರದ ಹಾಗೆ. ಬೆಂಗಳೂರು, ಮೈಸೂರಿನಿಂದೆಲ್ಲಾ ನೆಂಟರು. ಒಂದು ವರ್ಷ ಅಕ್ಕನ ಮೊಮ್ಮಗ ಬೆಲ್ ಸ್ವಿಚ್‌ಗೆ ಬಬಲ್ ಗಮ್ ಅಂಟಿಸಿ ಒತ್ತಿಟ್ಟು ಎಲ್ಲರ ಜೊತೆ ದರ್ಶನಕ್ಕೆ ಹೊರಟುಬಿಟ್ಟ. ಮನೆಯಲ್ಲಿ ಯಾರೂ ಇಲ್ಲ. ಸರದಿ ಸಾಲು ಗೊತ್ತಲ್ಲ, ವಾಪಸ್ ಬರುವ ಹೊತ್ತಿಗೆ ಏಳೆಂಟು ಗಂಟೆ. ಬಾಗಿಲು ತೆರೆದರೆ ಸುಟ್ಟ ವಾಸನೆ, ಬೆಲ್ಲಿನ ಪ್ಲಾಸ್ಟಿಕ್ ಡಬ್ಬಿ ಕೆಳಭಾಗ ಕಂದಾಗಿ ಬಾಗಿತ್ತು. ನಮ್ಮದು 230ರ ಡಿಂಗ್ ಡಾಂಗ್. ಆ ಮೇಲೆ ಊರಿಗೆ ಹೋಗುವಾಗ ಬೆಲ್ ಆಫ್ ಮಾಡಲು ಒಳಗೆ ಒಂದು ಸ್ವಿಚ್ ಹಾಕಿಸಿದೆವು.

ಅರಸೀಕೆರೆ ಅಕ್ಕ

ಒಳಗೆ ಬೇರೆ ಸ್ವಿಚ್ ಒಳ್ಳೇ ಉಪಾಯ. ಮಗು ಮಲಗಿದಾಗಲೂ ಆಫ್ ಮಾಡಬಹುದು. ಈ ಸಲ ದರ್ಶನಕ್ಕೆ ಬೆಳಗಿನ ಜಾವ ಹೋದರೆ ಜನ ಕಡಿಮೆ ಇರುತ್ತಾ?

ಸಾಲಗಾಮೆ ರಸ್ತೆ (ಹಾಸನ)

ಕೊನೆಯ ದಿನಗಳು ಬಿಟ್ಟು, ವಾರದ ನಡುವೆ ಬನ್ನಿ ಅಕ್ಕ. ನಮ್ಮ ಮನೆಗೂ ಬನ್ನಿ.

ಬಸವನಹಳ್ಳಿ ಟೀಚರ್

ಬಲ್ಬ್ ಪರೀಕ್ಷೆ ಆಯಿತು. ಮೇಷ್ಟ್ರು ತಮ್ಮ ಸ್ಕೂಟರ್ ಬಲ್ಬ್ ತೆಗೆದೇ ತಂದರು. ಮಂಕಾಗಿ ಕೆಂಪಗೆ ಉರಿಯಿತು, ಮೀಟರ್ 3.9 ತೋರಿಸಿತು. ಬೆಲ್ ಅಲ್ಲಿ ಇರಲೇ ಇಲ್ಲ. ವೈರ್ ತೆಗೆದಿಟ್ಟು ಒಂದು ಗಂಟೆ ಬಿಟ್ಟು ಮುಟ್ಟಿದರೆ ಡಬ್ಬಿ ಕಾದ ಕಾವಲಿ ಥರ. ಮೂಗು ಹತ್ತಿರ ಇಟ್ಟರೆ ಸುಟ್ಟ ವಾರ್ನಿಶ್ ವಾಸನೆ. ಆ ಡಬ್ಬಿಗೆ ಬರುವ ಫ್ಯೂಸ್ ತೆಗೆದಿಟ್ಟಿದ್ದೇವೆ.

ಈಗ ಹೊಸದು ಹುಡುಕುತ್ತಿದ್ದೇವೆ. ಎಂ.ಜಿ. ರಸ್ತೆಯಲ್ಲಿ ಮೂರು ಅಂಗಡಿ ಕೇಳಿದೆವು. "ಬೆಲ್ ಟ್ರಾನ್ಸ್‌ಫಾರ್ಮರ್ ಈಗ ಯಾರು ಕೇಳ್ತಾರೆ" ಅಂದರು. ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ 12-0-12 ಅಂತ ಒಂದು ಇದೆ. ಆಗುತ್ತಾ?

ಹಾಸನ ಹುಡುಗ

12 ಕೊಟ್ಟರೆ ಇನ್ನೂ ಜೋರಾಗಿ ಬಡಿಯುತ್ತೆ. ಹಾಕಿ.

ಹಳೇ ವೈರ್‌ಮನ್ (ಹಾಸನ)

ಹಾಕಬೇಡಿ. ಎರಡು ಕಾರಣ. 8ರ ಕಾಯಿಲ್‌ಗೆ 12 ಕೊಟ್ಟರೆ ಬಿಸಿ ಒಂದೂವರೆ ಪಟ್ಟಲ್ಲ, ಎರಡು ಪಟ್ಟಿಗಿಂತ ಜಾಸ್ತಿ. ಇನ್ನೊಂದು ಸಲ ಗುಂಡಿ ಸಿಕ್ಕಿಕೊಂಡರೆ ಬೆಲ್ಲೇ ಹೋಗುತ್ತೆ. ಎರಡನೆಯದು, ಆ ರೇಡಿಯೋ ಟ್ರಾನ್ಸ್‌ಫಾರ್ಮರ್ ಬರೀ ಮೈ. ಆಂಪ್ಲಿಫೈಯರ್ ಪೆಟ್ಟಿಗೆಯ ಒಳಗೆ ಕೂರಿಸಲು ಮಾಡಿದ್ದು. 230ರ ತಿರುಪು ಮುಚ್ಚಿರುವುದಿಲ್ಲ. ನಿಮ್ಮ ಜಗಲಿಗೆ ಎರಚಲು ಬರುತ್ತೆ, ಹಲ್ಲಿ ಓಡಾಡುತ್ತೆ.

ಬೆಲ್ ಟ್ರಾನ್ಸ್‌ಫಾರ್ಮರ್ ಅಂತಲೇ ಕೇಳಿ. ಮುಚ್ಚಿದ ಡಬ್ಬಿ, ಬೆಲ್ ಕಡೆ ಮೂರು ತಿರುಪು ಇರುವುದು ಬರುತ್ತೆ. ಒಂದು ಜೋಡಿಗೆ 4, ಇನ್ನೊಂದು ಜೋಡಿಗೆ 8, ಎರಡು ತುದಿಗೆ 12 ವೋಲ್ಟ್. ಒಂದು ಆಂಪ್ ಇರಲಿ. ಹಾಸನದ ಹಳೇ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತೆ, ನಾನೇ ವಿಚಾರಿಸುತ್ತೇನೆ. ಕೂರಿಸುವಾಗ ಮಾತ್ರ ಲೈಸೆನ್ಸ್ ಇರುವವರನ್ನೇ ಕರೆಯಿರಿ. ಸ್ವಿಚ್ ಬದಲಾಯಿಸಿದ ಧೈರ್ಯವನ್ನು ಇಲ್ಲಿ ತೋರಿಸಬೇಡಿ. ಇದು 230ರ ಕೆಲಸ.

ಹೊಸದು ಬರುವ ಮುಂಚೆ ಬೆಲ್ ಮುಚ್ಚಳ ತೆಗೆದು ಕಡ್ಡಿಯನ್ನು ಬೆರಳಲ್ಲಿ ತಳ್ಳಿ ನೋಡಿ. ಸಲೀಸಾಗಿ ಹೋಗಿ ಸ್ಪ್ರಿಂಗ್‌ನಲ್ಲಿ ವಾಪಸ್ ಬರಬೇಕು. ಬಿಸಿಗೆ ಕಾಯಿಲ್‌ನ ಪ್ಲಾಸ್ಟಿಕ್ ಕೊಳವೆ ಸೊಟ್ಟಗಾಗಿದ್ದರೆ ಅಲ್ಲಿ ಹಿಡಿಯುತ್ತೆ. ಎಣ್ಣೆ ಬಿಡಬೇಡಿ, ಧೂಳು ಕೂತು ಅಂಟಾಗುತ್ತೆ. ಒಣ ಬಟ್ಟೆ ಸಾಕು.

ಬಸವನಹಳ್ಳಿ ಟೀಚರ್

ಹನ್ನೆರಡು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ವೈರ್‌ಮನ್ ಸರ್ ಹೇಳಿದ ಥರದ ಡಬ್ಬಿ ಹಾಸನದಲ್ಲಿ ಸಿಕ್ಕಿತು. ಯಜಮಾನರು ಬಸ್‌ನಲ್ಲಿ ಹೋಗಿ ತಂದರು. ಬೇರೆ ಎಲೆಕ್ಟ್ರಿಷಿಯನ್ ಬಂದು ಕೂರಿಸಿದರು. ಕಡ್ಡಿ ಸಲೀಸಾಗಿತ್ತು, ಕೊಳವೆ ಒಂದು ಕಡೆ ಸ್ವಲ್ಪ ಹಳದಿಯಾಗಿದೆ ಅಷ್ಟೇ. ಮೇಷ್ಟ್ರು ಮತ್ತೆ ಅಳೆದರು. ಸುಮ್ನೆ ಇದ್ದಾಗ 10.8, ಒತ್ತಿದಾಗ 8.2. ಡಿಂಗ್ ಡಾಂಗ್ ಎರಡೂ ಸ್ಪಷ್ಟ. ಮಾವ ನಾಲ್ಕು ಸಲ ಒತ್ತಿ ನೋಡಿದರು. ಬೆಲ್‌ಗೆ ಒಳಗೆ ಬೇರೆ ಸ್ವಿಚ್ ಕೂಡ ಹಾಕಿಸಿದೆವು.

ಒಂದು ಮಾತ್ರ ನನಗೆ ಇನ್ನೂ ಅರ್ಥ ಆಗಿಲ್ಲ. ಗುಂಡಿ ಸಿಕ್ಕಿಕೊಂಡಿದ್ದರೆ ಹಗಲೂ ಬಾರಿಸಬೇಕಿತ್ತಲ್ಲ? ರಾತ್ರಿಯೇ ಯಾಕೆ?

ಫಿಸಿಕ್ಸ್ ಮೇಷ್ಟ್ರು (ಚಿಕ್ಕಮಗಳೂರು)

ನನ್ನ ಊಹೆ ಮರದ ಮೇಲೆ. ರಾತ್ರಿ ಮಳೆ ಬಿದ್ದಾಗ ಚೌಕಟ್ಟಿನ ಮರ ತೇವ ಹೀರಿ ಉಬ್ಬುತ್ತೆ. ಸ್ವಿಚ್‌ನ ತಳ ಎರಡು ಸ್ಕ್ರೂನಲ್ಲಿ ಮರಕ್ಕೆ ಬಿಗಿದಿದೆ. ತಳ ಕೂದಲಿನಷ್ಟು ಬಾಗಿದರೂ ಸಾಕು, ಆ ಎರಡು ಪಟ್ಟಿ ನಡುವೆ ಇದ್ದದ್ದೇ ಅಷ್ಟು ಜಾಗ. ಬಿಸಿಲಿಗೆ ಒಣಗಿದಾಗ ಬಿಟ್ಟುಕೊಳ್ಳುತ್ತೆ.

ಹಳೇ ವೈರ್‌ಮನ್ (ಹಾಸನ)

ಇರಬಹುದು ಸರ್. ನನಗೆ ಅನ್ನಿಸುವುದು ಪೇಂಟ್. ಸಂಜೆ ಯಾರೋ ಒತ್ತಿರುತ್ತಾರೆ, ಅಂಟಿನಲ್ಲಿ ಗುಂಡಿ ಪೂರ್ತಿ ಮೇಲೆ ಬಂದಿರುವುದಿಲ್ಲ. ರಾತ್ರಿ ತಂಡಿಗೆ ಅಂಟು ಬಿಗಿದುಕೊಂಡು ಎಳೆಯುತ್ತೆ. ಹಳೇ ಸ್ವಿಚ್ ಇಟ್ಟಿದ್ದರೆ ಮರಕ್ಕೆ ಬಿಗಿಯದೇ ಒಂದು ರಾತ್ರಿ ಹೊರಗೆ ಇಟ್ಟು ನೋಡಿದರೆ ಗೊತ್ತಾಗುತ್ತಿತ್ತು.

ಬಸವನಹಳ್ಳಿ ಟೀಚರ್

ಅಯ್ಯೋ, ಅದನ್ನು ಅತ್ತೆ ಕಸದ ಗಾಡಿಗೆ ಕೊಟ್ಟುಬಿಟ್ಟರು.

ತೋಟದ ಮನೆ (ಸಕಲೇಶಪುರ)

ರಾತ್ರಿ ವೋಲ್ಟೇಜ್ ಏರಿ ಪಟ್ಟಿ ನಡುವೆ ಕಿಡಿ ಹಾರಿ ಕೂಡಿರಬಹುದು ಅನ್ನುವುದನ್ನು ಯಾರೂ ಯೋಚಿಸಲಿಲ್ಲ.

ಹಳೇ ವೈರ್‌ಮನ್ (ಹಾಸನ)

ಹತ್ತು ವೋಲ್ಟ್ ಗಾಳಿ ದಾಟಿ ಕಿಡಿ ಹಾರಿಸುವುದಿಲ್ಲ ಸರ್. ಸ್ವಿಚ್ ಬಿಡುವಾಗ ಸಣ್ಣ ಕಿಡಿ ಬರುತ್ತೆ, ಅದು ಕಾಯಿಲ್‌ನಿಂದ. ಅದರಿಂದ ಪಟ್ಟಿ ಕಪ್ಪಾಗುತ್ತೆ, ಒರಟಾಗುತ್ತೆ. ವರ್ಷಗಳಾದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳಬಹುದು, ಅದನ್ನು ಬೇಕಾದರೆ ಒಪ್ಪುತ್ತೇನೆ.

ವಿದ್ಯಾನಗರ ಬಾಡಿಗೆ ಮನೆ (ಹಾಸನ)

ಈಗಷ್ಟೇ ಓದಿದೆ. ನಮ್ಮ ಬಾಡಿಗೆ ಮನೆಯಲ್ಲಿ ಬೆಲ್ ಒತ್ತದಿದ್ದಾಗಲೂ ಸಣ್ಣಗೆ ಗುಂಯ್ ಅನ್ನುತ್ತೆ, ಸ್ವಿಚ್ ಮುಟ್ಟಿದರೆ ಬೆಚ್ಚಗಿದೆ. ಕಪ್ಪು ಡಬ್ಬಿ ಎಲ್ಲೂ ಕಾಣಲಿಲ್ಲ. ಮಾಲೀಕರು ಮುಂದಿನ ವಾರ ನೋಡೋಣ ಅಂದಿದ್ದಾರೆ. ಅಷ್ಟು ದಿನ ಬಿಡಬಹುದಾ?

ಹಳೇ ವೈರ್‌ಮನ್ (ಹಾಸನ)

ಬಿಡಬೇಡಿ. ಡಬ್ಬಿ ಕಾಣಲಿಲ್ಲ ಅಂದರೆ ನೇರ 230 ಅಂತಲೇ ಅಂದುಕೊಳ್ಳಿ. ಸ್ವಿಚ್ ಬೆಚ್ಚಗಿದೆ ಅಂದರೆ ಒಳಗೆ ಕರೆಂಟ್ ಹರಿಯುತ್ತಲೇ ಇದೆ. ಈಗಲೇ ಆ ಎಂಸಿಬಿ ಇಳಿಸಿ. ಮಕ್ಕಳು ಮುಟ್ಟದ ಹಾಗೆ ಸ್ವಿಚ್ ಮೇಲೆ ಒಂದು ಚೀಟಿ ಅಂಟಿಸಿ, ಬಂದವರು ಬಾಗಿಲು ತಟ್ಟಲಿ. ನೀವು ವಿದ್ಯಾನಗರದಲ್ಲಿ ಯಾವ ಕಡೆ? ನಾಳೆ ಬೆಳಿಗ್ಗೆ ಆ ಕಡೆ ಬರುವವನಿದ್ದೇನೆ.